“ನನ್ನ ಶೈಲಿಯಲ್ಲೇ ಬರೆದುಕೊಡಿ”

ಬೀಳ್ಕೊಡುಗೆ ಭಾಷಣ, ಸ್ಮರಣ ಸಂಚಿಕೆಯ ಲೇಖನಗಳನ್ನು ಬೇರೆಯವರ ಹೆಸರಿನಲ್ಲಿ ಬರೆದುಕೊಡುವವರು ಮೇಲಿಂದ ಮೇಲೆ ಕೇಳುವ ಮಾತು ಇದು. ಹಾಗೆನ್ನುವವರು ತಾವು ಬರೆದ ಒಂದು ಪುಟವನ್ನೂ ಕೊಟ್ಟಿರುವುದಿಲ್ಲ. ನಿಮ್ಮ ಶೈಲಿ ಹೇಗೆ ಎಂದು ಕೇಳಿದರೆ, “ಸರಳವಾಗಿ, ಆದರೆ ಗಂಭೀರವಾಗಿ” ಎನ್ನುತ್ತಾರೆ. ಅದು ಯಾರಿಗೂ ಹೊಂದುವ ಉತ್ತರ.

ತಪ್ಪು ಅವರದಲ್ಲ. ಶೈಲಿ ಇರುವುದು ಬರೆಯುವವರೇ ಗಮನಿಸದ ಜಾಗದಲ್ಲಿ. 1787–88ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ‘ಪಬ್ಲಿಯಸ್’ ಎಂಬ ಗುಪ್ತನಾಮದಲ್ಲಿ ಬಂದ ಫೆಡರಲಿಸ್ಟ್ ಲೇಖನಗಳ ಪೈಕಿ 12 ಹ್ಯಾಮಿಲ್ಟನ್‌ನವೋ ಮ್ಯಾಡಿಸನ್‌ನವೋ ಎಂಬ ಜಗಳ ಬಹುಕಾಲ ನಡೆದಿತ್ತು. 1964ರಲ್ಲಿ ಮಾಸ್ಟೆಲ್ಲರ್ ಮತ್ತು ವ್ಯಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು ದೊಡ್ಡ ಪದಗಳನ್ನು ಬಿಟ್ಟು ‘ಅಪಾನ್’ನಂಥ ಪುಡಿ ಪದಗಳನ್ನು ಎಣಿಸಿದರು. ಹ್ಯಾಮಿಲ್ಟನ್ ಅದನ್ನು ಧಾರಾಳವಾಗಿ ಬಳಸುತ್ತಿದ್ದ; ಮ್ಯಾಡಿಸನ್ ಅಪರೂಪಕ್ಕೆ. ಆ ಹನ್ನೆರಡೂ ಮ್ಯಾಡಿಸನ್‌ನವೇ ಎಂಬ ತೀರ್ಮಾನಕ್ಕೆ ಬಂದರು. ಗಮನಿಸಿ, ಹೋಲಿಸಲು ಇಬ್ಬರದೂ ಬೇರೆ ಬರಹ ಕೈಯಲ್ಲಿದ್ದುದರಿಂದಲೇ ಇದು ಸಾಧ್ಯವಾಯಿತು.

ಮಾದರಿಯೇ ಇಲ್ಲದಾಗ ಬರೆಯುವವರು ಊಹೆಗೆ ಬೀಳುತ್ತಾರೆ. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಲೇಖನ ಎಂದುಕೊಳ್ಳಿ. “ಈ ಪವಿತ್ರ ವಿದ್ಯಾದೇಗುಲದಲ್ಲಿ ಸೇವೆ ಸಲ್ಲಿಸುವ ಸೌಭಾಗ್ಯ ಒದಗಿಬಂದದ್ದು ನನ್ನ ಪೂರ್ವಜನ್ಮದ ಪುಣ್ಯ” ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಮೇಷ್ಟ್ರು ಹೀಗೇ ಬರೆಯುತ್ತಾರೆ ಎಂಬ ನಮ್ಮ ಕಲ್ಪನೆ ಅದು, ಆ ಮೇಷ್ಟ್ರಲ್ಲ.

ಅವರಿಗೆ ಫೋನ್ ಮಾಡಿ, ಒಪ್ಪಿಗೆ ಪಡೆದು, ಹತ್ತು ನಿಮಿಷದ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವುದು ಮೇಲು. ಶೈಲಿಯ ಬಗ್ಗೆ ಕೇಳಬಾರದು, ಕೆಲಸಕ್ಕೆ ಸೇರಿದ ಮೊದಲ ದಿನದ ಬಗ್ಗೆ ಕೇಳಬೇಕು. “ನಾ ಬಂದಾಗ ಸಾಲ್ಯಾಗ ಗಡಿಯಾರ ಇದ್ದಿಲ್ರಿ. ರೈಲು ಹೋತಂದ್ರ ಗಂಟಿ ಹೊಡಿತಿದ್ವಿ.” ಇದನ್ನು ತಿದ್ದದೆ ಬರೆದುಕೊಂಡರೆ ಮಾದರಿ ಸಿಕ್ಕಂತೆ. ವಾಕ್ಯ ಗಿಡ್ಡ, ವಿಶೇಷಣವಿಲ್ಲ, ನಗು ಬರುವ ವಿಷಯವನ್ನೂ ನಗದೆ ಹೇಳುತ್ತಾರೆ. ಬರಹದಲ್ಲಿ ಉಳಿಸಿಕೊಳ್ಳಬೇಕಾದ್ದು ಇಷ್ಟೇ. ಪ್ರತಿ ವಾಕ್ಯಕ್ಕೂ ‘ರೀ’ ಅಂಟಿಸಿದರೆ ಅಣಕವಾಗುತ್ತದೆ. ಆಡುವ ಮಾತೇ ಬರಹದ ಶೈಲಿಯಲ್ಲ, ಹಾಗಾಗಿ ಅವರ ಹಳೆಯ ಪತ್ರವೋ ವಾಟ್ಸಾಪ್ ಸಂದೇಶವೋ ಸಿಕ್ಕರೆ ಜೊತೆಗಿಟ್ಟು ನೋಡಬೇಕು.

ಮೊದಲು ಒಂದೇ ಪ್ಯಾರಾ ಬರೆದು ಅವರಿಂದಲೇ ಗಟ್ಟಿಯಾಗಿ ಓದಿಸಿ. ನಾಲಿಗೆ ಎಲ್ಲಿ ತಡವರಿಸಿತೋ ಆ ವಾಕ್ಯ ಅವರದಲ್ಲ. “ಚೆನ್ನಾಗಿದೆ” ಎಂದು ಹೊಗಳಿದರೂ ಎಚ್ಚರವಿರಲಿ, ತಮ್ಮದೇ ಮಾತನ್ನು ಯಾರೂ ಹಾಗೆ ಮೆಚ್ಚಿಕೊಳ್ಳುವುದಿಲ್ಲ.

ಮಾತಿಗೂ ಸಿಗದವರಿಗೆ ಅಲಂಕಾರವಿಲ್ಲದೆ ನೇರವಾಗಿ ಬರೆದು, “ಇದು ನಿಮ್ಮ ಶೈಲಿಯಲ್ಲ, ತಿದ್ದಿಕೊಳ್ಳಿ” ಎಂದು ಹೇಳಿಬಿಡುವುದೇ ಪ್ರಾಮಾಣಿಕ ದಾರಿ. ಬರೆಸಿಕೊಳ್ಳುವವರಲ್ಲಿ ಒಂದು ವಿನಂತಿ: ಮುಂದಿನ ಸಲ ಕೇಳುವಾಗ, ನೀವೇ ಬರೆದ ಒಂದು ಪುಟ ಜೊತೆಗೆ ಕಳಿಸಿ. ತಪ್ಪುಗಳಿದ್ದರೆ ಇರಲಿ, ತಿದ್ದಬೇಡಿ.