ಹತ್ತನೇ ತರಗತಿಯ ಗಣಿತ ವಿಡಿಯೊ ಪಾಠ: ಅದು ಹೇಗಿರಬೇಕು, ಅದನ್ನು ಹೇಗೆ ಪರಿಶೀಲಿಸಬೇಕು

ಗ್ರಾಮ ಪಂಚಾಯತಿ ವ್ಯಾಪ್ತಿಯ ಪ್ರೌಢಶಾಲೆಯ ಶಿಕ್ಷಕರು ಎಸ್‌ಎಸ್‌ಎಲ್‌ಸಿ ಪಾಠಗಳನ್ನು ಚಿತ್ರೀಕರಿಸಿ ಯೂಟ್ಯೂಬ್‌ನಲ್ಲಿ ಹಾಕಲು ಮುಂದೆ ಬಂದಾಗ ಅರಿವು ಕೇಂದ್ರದ ಗಣಕಯಂತ್ರ, ಅಂತರ್ಜಾಲ ಸಂಪರ್ಕ ಅಥವಾ ಒಂದು ಕೊಠಡಿಗಾಗಿ ಪಂಚಾಯತಿಯನ್ನು ಕೇಳುವುದು ಸಹಜ. ಆ ಸಂದರ್ಭದಲ್ಲಿ ಸದಸ್ಯರು ಪಾಠದ ಗುಣವನ್ನು ವೀಕ್ಷಣೆಗಳ ಸಂಖ್ಯೆಯಿಂದ ಅಳೆಯುವಂತಿಲ್ಲ. ವಿದ್ಯಾರ್ಥಿಯು ಪಾಠವನ್ನು ಅನುಸರಿಸಬಲ್ಲನೇ, ಪರೀಕ್ಷೆಯ ಮುನ್ನ ಬೇಕಾದ ಭಾಗವನ್ನು ಮತ್ತೆ ಹುಡುಕಿಕೊಳ್ಳಬಲ್ಲನೇ, ಅದರಲ್ಲಿರುವುದನ್ನು ನಂಬಿ ಉತ್ತರ ಪತ್ರಿಕೆಯಲ್ಲಿ ಬರೆಯಬಲ್ಲನೇ ಎಂಬ ಮೂರು ಪ್ರಶ್ನೆಗಳಿಂದಲೇ ಅಳೆಯಬೇಕಾಗುತ್ತದೆ. ಗಣಿತದ ಒಂದೇ ಪಾಠವನ್ನು ಉದಾಹರಣೆಯಾಗಿಟ್ಟುಕೊಂಡು ಈ ಮೂರನ್ನೂ ಇಲ್ಲಿ ವಿವರಿಸಲಾಗಿದೆ.

ಪಾಠದ ವ್ಯಾಪ್ತಿ

ಹತ್ತನೇ ತರಗತಿಯ ಗಣಿತದಲ್ಲಿ ವರ್ಗ ಸಮೀಕರಣಗಳು ಎಂಬ ಅಧ್ಯಾಯವಿದೆ. ಇಡೀ ಅಧ್ಯಾಯವನ್ನು ಒಂದೇ ವಿಡಿಯೊದಲ್ಲಿ ಮುಗಿಸಿದರೆ ಅದು ಒಂದು ಗಂಟೆಯನ್ನೂ ಮೀರುತ್ತದೆ. ಅದರ ನಡುವೆ ತನಗೆ ಬೇಕಾದುದು ಎಲ್ಲಿದೆ ಎಂಬುದು ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಿಡಿಯೊ ಎಷ್ಟೇ ದೀರ್ಘವಾಗಿದ್ದರೂ ಸಾಮಾನ್ಯ ವೀಕ್ಷಕರು ಗಮನವಿಟ್ಟು ನೋಡುವ ಅವಧಿ ಆರು ನಿಮಿಷವನ್ನು ಮೀರುವುದಿಲ್ಲವೆಂದು ಕಂಡುಬಂದಿತು. ಕೈಯಿಂದ ಬರೆಯುತ್ತಾ ವಿವರಿಸಿದ ಪಾಠಗಳು, ಸಿದ್ಧ ಸ್ಲೈಡುಗಳನ್ನು ತೋರಿಸಿದ ಪಾಠಗಳಿಗಿಂತ ಹೆಚ್ಚು ಗಮನ ಹಿಡಿದವು. ಆ ಅಧ್ಯಯನದ ವೀಕ್ಷಕರು ನಮ್ಮ ಶಾಲಾ ಮಕ್ಕಳಲ್ಲವಾದ್ದರಿಂದ ಆರು ನಿಮಿಷವೆಂಬುದನ್ನು ನಿಯಮವೆಂದು ಭಾವಿಸಬೇಕಾಗಿಲ್ಲ. ಆದರೆ ಒಂದು ವಿಡಿಯೊದಲ್ಲಿ ಒಂದೇ ವಿಧಾನವನ್ನು ಕಲಿಸುವುದು ಸೂಕ್ತವೆಂಬ ತೀರ್ಮಾನಕ್ಕೆ ಅದು ಆಧಾರ ಕೊಡುತ್ತದೆ.

ಅದರಂತೆ ಶಿಕ್ಷಕರು ‘ವರ್ಗ ಸಮೀಕರಣವನ್ನು ಅಪವರ್ತನ ಕ್ರಮದಿಂದ ಬಿಡಿಸುವುದು’ ಎಂಬ ಒಂದೇ ವಿಧಾನವನ್ನು ಎಂಟು ನಿಮಿಷಗಳ ಪಾಠಕ್ಕೆ ಆರಿಸಿಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಸೂತ್ರದಿಂದ ಬಿಡಿಸುವುದು ಮುಂದಿನ ವಿಡಿಯೊದ ವಿಷಯ. ಶೀರ್ಷಿಕೆಯಲ್ಲಿ ತರಗತಿ, ಅಧ್ಯಾಯದ ಹೆಸರು ಹಾಗೂ ವಿಧಾನದ ಹೆಸರು ಪಠ್ಯಪುಸ್ತಕದಲ್ಲಿರುವಂತೆಯೇ ಇರಬೇಕು. ಪುಸ್ತಕದಲ್ಲಿ ‘ಮೂಲಗಳು’ ಎಂದಿರುವುದನ್ನು ಶಿಕ್ಷಕರು ಬೇರೊಂದು ಹೆಸರಿನಿಂದ ಕರೆದರೆ, ಎರಡೂ ಒಂದೇ ಎಂಬುದು ಮನೆಯಲ್ಲಿ ಒಬ್ಬನೇ ಕುಳಿತು ನೋಡುವ ವಿದ್ಯಾರ್ಥಿಗೆ ಹೊಳೆಯದೆ ಹೋಗಬಹುದು.

ವಿದ್ಯಾರ್ಥಿ ಅನುಸರಿಸುವಂತೆ ಬರೆಯುವುದು

ಆರಿಸಿಕೊಂಡ ಸಮೀಕರಣ ಇದು:

```
2x² − 5x + 3 = 0
2x² − 2x − 3x + 3 = 0
2x(x − 1) − 3(x − 1) = 0
(x − 1)(2x − 3) = 0
x = 1  ಅಥವಾ  x = 3/2
```

ತರಗತಿಯಲ್ಲಿ ಎರಡನೆಯ ಸಾಲು ಬರೆದ ಕೂಡಲೇ ಮಕ್ಕಳ ಮುಖ ನೋಡಿ, ಅರ್ಥವಾಗದಿದ್ದರೆ ಶಿಕ್ಷಕರು ಮತ್ತೆ ಹೇಳುತ್ತಾರೆ. ವಿಡಿಯೊದಲ್ಲಿ ಆ ಅವಕಾಶವಿಲ್ಲ. ಆದ್ದರಿಂದ −5x ಎಂಬುದು −2x ಮತ್ತು −3x ಆಗಿ ಏಕೆ ಒಡೆಯಿತು ಎಂಬುದನ್ನು ಮೊದಲೇ ಹೇಳಬೇಕು. ಮೊದಲ ಪದದ ಸಹಗುಣಕ 2 ಮತ್ತು ಕೊನೆಯ ಪದ 3, ಇವುಗಳ ಗುಣಲಬ್ಧ 6. ಗುಣಿಸಿದರೆ 6, ಕೂಡಿದರೆ −5 ಬರುವ ಎರಡು ಸಂಖ್ಯೆಗಳು ಬೇಕು. ಅವು −2 ಮತ್ತು −3. ಈ ಹುಡುಕಾಟವನ್ನು ಬಿಟ್ಟು ನೇರವಾಗಿ ಎರಡನೆಯ ಸಾಲಿಗೆ ಹೋದ ಪಾಠದಲ್ಲಿ ವಿದ್ಯಾರ್ಥಿ ಆ ಒಂದು ಲೆಕ್ಕವನ್ನು ನಕಲು ಮಾಡಬಲ್ಲನೇ ಹೊರತು ಮುಂದಿನ ಲೆಕ್ಕವನ್ನು ತಾನಾಗಿ ಬಿಡಿಸಲಾರ.

ಬರೆದ ಸಾಲುಗಳನ್ನು ಲೆಕ್ಕ ಮುಗಿಯುವವರೆಗೆ ಅಳಿಸಬಾರದು. ಮೂರನೆಯ ಸಾಲು ನೋಡುವಾಗ ಎರಡನೆಯ ಸಾಲು ಕಣ್ಣಮುಂದೆ ಇರಬೇಕು. ಬಿಳಿ ಕಾಗದದ ಮೇಲೆ ದಪ್ಪ ಪೆನ್ನಿನಿಂದ ಬರೆದು, ಸ್ಟ್ಯಾಂಡಿಗೆ ಕಟ್ಟಿದ ಮೊಬೈಲಿನಿಂದ ಮೇಲಿನಿಂದ ಚಿತ್ರೀಕರಿಸಿದರೆ ಇದು ಸುಲಭ. ಒಂದು ಪುಟಕ್ಕೆ ಏಳೆಂಟು ಸಾಲುಗಳಿಗಿಂತ ಹೆಚ್ಚು ಬರೆದರೆ ಅಕ್ಷರ ಚಿಕ್ಕದಾಗುತ್ತದೆ. ಬಹುತೇಕ ಮಕ್ಕಳು ಪಾಠವನ್ನು ಮನೆಯವರ ಮೊಬೈಲಿನಲ್ಲಿ ನೋಡುವುದರಿಂದ, ಪರಿಶೀಲನೆಯನ್ನೂ ಮೊಬೈಲಿನಲ್ಲಿಯೇ ಮಾಡಬೇಕು. ಫೋನನ್ನು ತೋಳಳತೆಯ ದೂರದಲ್ಲಿ ಹಿಡಿದಾಗ ವರ್ಗದ ಚಿಹ್ನೆಯೂ ಋಣ ಚಿಹ್ನೆಯೂ ಸ್ಪಷ್ಟವಾಗಿ ಕಾಣಬೇಕು. ಧ್ವನಿಯ ವಿಷಯದಲ್ಲಿ ಫ್ಯಾನ್ ನಿಲ್ಲಿಸುವುದು, ಕಿಟಕಿ ಮುಚ್ಚುವುದು ಮತ್ತು ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಬಳಸುವುದು ಸಾಕಾಗುತ್ತದೆ. ಚಿತ್ರ ಸ್ವಲ್ಪ ಮಸುಕಾದರೂ ಪಾಠ ಸಾಗೀತು. ಮಾತು ಕೇಳಿಸದಿದ್ದರೆ ವಿದ್ಯಾರ್ಥಿ ಅಲ್ಲಿಯೇ ನಿಲ್ಲಿಸುತ್ತಾನೆ.

ಪುನರಾವರ್ತನೆಗೆ ಅನುಕೂಲ

ಪರೀಕ್ಷೆಯ ಹಿಂದಿನ ವಾರ ವಿದ್ಯಾರ್ಥಿಗೆ ಇಡೀ ಪಾಠ ಬೇಕಾಗಿರುವುದಿಲ್ಲ. ತಾನು ಎಡವುವ ಒಂದು ಹಂತ ಮಾತ್ರ ಬೇಕು. ಇದಕ್ಕಾಗಿ ವಿಡಿಯೊದ ಕೆಳಗಿನ ವಿವರಣೆಯಲ್ಲಿ ಸಮಯಸೂಚಿ ಹಾಕಬೇಕು. ಮೊದಲ ಸಾಲು 00:00ಯಿಂದ ಆರಂಭವಾಗಿ, ಕನಿಷ್ಠ ಮೂರು ಭಾಗಗಳು ಕ್ರಮವಾಗಿದ್ದು, ಪ್ರತಿಯೊಂದೂ ಕನಿಷ್ಠ ಹತ್ತು ಸೆಕೆಂಡು ಇದ್ದರೆ ಯೂಟ್ಯೂಬ್ ಅದನ್ನು ವಿಡಿಯೊದ ಪಟ್ಟಿಯಲ್ಲಿ ಭಾಗಗಳಾಗಿ ತೋರಿಸುತ್ತದೆ. ಈ ಪಾಠಕ್ಕೆ ಅದು ಹೀಗಿರಬಹುದು:

```
00:00 ಈ ಪಾಠದಲ್ಲಿ ಏನಿದೆ
00:30 ಮಧ್ಯಪದವನ್ನು ಒಡೆಯುವುದು
03:10 ಅಪವರ್ತನ ಮತ್ತು ಮೂಲಗಳು
05:00 ಉತ್ತರವನ್ನು ತಾಳೆ ನೋಡುವುದು
06:10 ನೀವೇ ಬಿಡಿಸಿ
06:40 ಉತ್ತರ
```

ಇದರಲ್ಲಿ ‘ನೀವೇ ಬಿಡಿಸಿ’ ಎಂಬ ಭಾಗವನ್ನು ಬಿಡಬಾರದು. ಬಿಡಿಸಿ ತೋರಿಸಿದ ಲೆಕ್ಕವನ್ನು ನೋಡುವಾಗ ಎಲ್ಲವೂ ತಿಳಿದಂತೆ ಅನಿಸುತ್ತದೆ. ತಿಳಿದಿದೆಯೇ ಇಲ್ಲವೇ ಎಂಬುದು ಪುಸ್ತಕ ತೆರೆದು ತಾನೇ ಬರೆದಾಗ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಶಿಕ್ಷಕರು 3x² − 7x + 2 = 0 ಎಂಬ ಹೊಸ ಸಮೀಕರಣ ಕೊಟ್ಟು, ವಿಡಿಯೊ ನಿಲ್ಲಿಸಿ ಬಿಡಿಸುವಂತೆ ಹೇಳಿ, ಆನಂತರವೇ ಉತ್ತರವನ್ನು ಹಂತ ಹಂತವಾಗಿ ತೋರಿಸಬೇಕು. ಇಲ್ಲಿ −7x ಎಂಬುದು −6x ಮತ್ತು −x ಆಗಿ ಒಡೆಯುತ್ತದೆ. ಮೂಲಗಳು 2 ಮತ್ತು 1/3. ಎರಡನೆಯ ಜೋಡಿಯಿಂದ −1 ಅನ್ನು ಹೊರತೆಗೆಯುವಾಗ ಮಕ್ಕಳು ಚಿಹ್ನೆ ತಪ್ಪುವುದು ಸಾಮಾನ್ಯ. ಆ ತಪ್ಪು ಹೊರಬೀಳಲೆಂದೇ ಇಂತಹ ಸಮೀಕರಣವನ್ನು ಆರಿಸಬೇಕು.

ತಪ್ಪು ಕಂಡಾಗ ಮಾಡಬೇಕಾದುದು

ಎಚ್ಚರಿಕೆಯಿಂದ ಮಾಡಿದ ಪಾಠದಲ್ಲಿಯೂ ತಪ್ಪು ನುಸುಳಬಹುದು. ಮೂರನೆಯ ಸಾಲಿನಲ್ಲಿ ಶಿಕ್ಷಕರು ಬಾಯಲ್ಲಿ ಸರಿಯಾಗಿ ಹೇಳುತ್ತಾ, ಕಾಗದದ ಮೇಲೆ −3(x − 1) ಬದಲು −3(x + 1) ಎಂದು ಬರೆದಿದ್ದಾರೆ ಎಂದಿಟ್ಟುಕೊಳ್ಳೋಣ. ಮುಂದಿನ ಸಾಲನ್ನು ಅವರು ಸರಿಯಾಗಿಯೇ ಬರೆದಿರುತ್ತಾರೆ. ಅಂತಿಮ ಉತ್ತರವೂ ಸರಿಯಾಗಿರುತ್ತದೆ. ಉತ್ತರ ಮಾತ್ರ ನೋಡುವವರಿಗೆ ಈ ತಪ್ಪು ಕಾಣುವುದಿಲ್ಲ. ಆದರೆ ಎಸ್‌ಎಸ್‌ಎಲ್‌ಸಿ ಗಣಿತದ ಮೌಲ್ಯಮಾಪನದಲ್ಲಿ ಹಂತಗಳಿಗೆ ಅಂಕಗಳಿರುವುದರಿಂದ, ಅದನ್ನು ನೋಡಿ ಕಲಿತ ವಿದ್ಯಾರ್ಥಿ ಅಂಕ ಕಳೆದುಕೊಳ್ಳುತ್ತಾನೆ.

ಇಂತಹ ತಪ್ಪನ್ನು ಕಂಡುಹಿಡಿಯುವ ಕ್ರಮ ಸರಳವಾಗಿದೆ. ಆವರಣವನ್ನು ಬಿಡಿಸಿದಾಗ ಹಿಂದಿನ ಸಾಲು ಮರಳಿ ಬರಬೇಕು. −3(x + 1) ಬಿಡಿಸಿದರೆ −3x − 3 ಬರುತ್ತದೆ. ಹಿಂದಿನ ಸಾಲಿನಲ್ಲಿ ಇದ್ದುದು −3x + 3. ಅಪ್‌ಲೋಡ್ ಮಾಡುವ ಮುನ್ನ ವಿಷಯ ಬಲ್ಲ ಇನ್ನೊಬ್ಬ ಶಿಕ್ಷಕರು ಧ್ವನಿಯನ್ನು ನಿಲ್ಲಿಸಿ, ಬರವಣಿಗೆಯನ್ನು ಮಾತ್ರ ಹೀಗೆ ಸಾಲು ಸಾಲಾಗಿ ಓದಬೇಕು. ಧ್ವನಿ ಕೇಳುತ್ತಾ ನೋಡಿದರೆ ಕಿವಿಗೆ ಬಿದ್ದ ಸರಿಯಾದ ಮಾತು ಕಣ್ಣಿನ ಮುಂದಿನ ತಪ್ಪನ್ನು ಮರೆಮಾಚುತ್ತದೆ.

ತಪ್ಪು ಅಪ್‌ಲೋಡ್ ಆದ ನಂತರ ಗೊತ್ತಾದರೆ ಒಂದು ತೊಡಕಿದೆ. ಯೂಟ್ಯೂಬ್‌ನಲ್ಲಿ ಈಗಾಗಲೇ ಹಾಕಿದ ವಿಡಿಯೊದ ಒಂದು ಭಾಗವನ್ನು ಕತ್ತರಿಸಿ ತೆಗೆಯಬಹುದು. ಆದರೆ ಅದೇ ವಿಳಾಸದಲ್ಲಿ ಹೊಸ ಕಡತವನ್ನು ಕೂರಿಸಲಾಗುವುದಿಲ್ಲ. ಸರಿಪಡಿಸಿದ ಪಾಠಕ್ಕೆ ಹೊಸ ಲಿಂಕ್ ಬರುತ್ತದೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ ಹಳೆಯ ಲಿಂಕ್ ತಪ್ಪು ಪಾಠವನ್ನೇ ತೋರಿಸುತ್ತಿರುತ್ತದೆ. ಆದುದರಿಂದ ತಪ್ಪು ಕಂಡ ದಿನವೇ ವಿವರಣೆಯ ಮೊದಲ ಸಾಲಿನಲ್ಲಿ, ಯಾವ ನಿಮಿಷದಲ್ಲಿ ಏನು ತಪ್ಪಾಗಿದೆ, ಸರಿಯಾದುದು ಯಾವುದು ಎಂಬ ತಿದ್ದುಪಡಿಯನ್ನು ಬರೆಯಬೇಕು. ಅದನ್ನೇ ಪ್ರತಿಕ್ರಿಯೆಯಾಗಿ ಬರೆದು ಮೇಲ್ಭಾಗದಲ್ಲಿ ಪಿನ್ ಮಾಡಬೇಕು. ಆನಂತರ ಪಾಠವನ್ನು ಮತ್ತೆ ಚಿತ್ರೀಕರಿಸಿ ಹಾಕಿ, ಹೊಸ ಲಿಂಕನ್ನು ಅದೇ ಗುಂಪುಗಳಿಗೆ ಕಳುಹಿಸಿ, ಹಳೆಯದನ್ನು ‘ಖಾಸಗಿ’ ಎಂದು ಬದಲಿಸಬೇಕು. ‘ಪಟ್ಟಿಯಲ್ಲಿಲ್ಲದ್ದು’ ಎಂದು ಬದಲಿಸಿದರೆ ಸಾಲದು. ಲಿಂಕ್ ಇರುವವರಿಗೆ ಅದು ಆಗಲೂ ತೆರೆದುಕೊಳ್ಳುತ್ತದೆ. ಅರಿವು ಕೇಂದ್ರದ ಗೋಡೆಗೆ ಕ್ಯೂಆರ್ ಸಂಕೇತ ಅಂಟಿಸುವುದಾದರೆ ಅದು ಒಂದು ವಿಡಿಯೊಗೆ ಅಲ್ಲ, ಆ ಅಧ್ಯಾಯದ ಪ್ಲೇಲಿಸ್ಟ್‌ಗೆ ಒಯ್ಯುವಂತಿರಬೇಕು. ಆಗ ವಿಡಿಯೊ ಬದಲಾದರೂ ಸಂಕೇತವನ್ನು ಬದಲಿಸಬೇಕಾಗಿಲ್ಲ.

ತಪ್ಪನ್ನು ಸದ್ದಿಲ್ಲದೆ ಅಳಿಸಿಹಾಕಿದರೆ, ಅದನ್ನು ಈಗಾಗಲೇ ನೋಟ್‌ಬುಕ್ಕಿಗೆ ಇಳಿಸಿಕೊಂಡ ವಿದ್ಯಾರ್ಥಿಗೆ ವಿಷಯ ತಲುಪುವುದಿಲ್ಲ. ಆದ್ದರಿಂದ ಶಿಕ್ಷಕರ ವಾಹಿನಿಯಲ್ಲಿ ದಿನಾಂಕಸಹಿತ ತಿದ್ದುಪಡಿಗಳು ಕಂಡುಬಂದರೆ ಸದಸ್ಯರು ಅದನ್ನು ದೋಷವೆಂದು ಎಣಿಸಬಾರದು. ಪಾಠವನ್ನು ಯಾರೋ ಪರಿಶೀಲಿಸುತ್ತಿದ್ದಾರೆ ಎಂಬುದಕ್ಕೆ ಅದು ಗುರುತು.

ಪಂಚಾಯತಿಯ ಹಂತದಲ್ಲಿ

ವಾಹಿನಿಯು ಒಬ್ಬರ ಸ್ವಂತ ಖಾತೆಯಲ್ಲಿ ಮಾತ್ರ ಇದ್ದರೆ, ಅವರಿಗೆ ವರ್ಗಾವಣೆಯಾದಾಗ ತಿದ್ದುಪಡಿ ಮಾಡುವವರೇ ಇಲ್ಲದಂತಾಗುತ್ತದೆ. ಪಾಸ್‌ವರ್ಡ್ ಹಂಚಿಕೊಳ್ಳದೆಯೇ ಇನ್ನೊಬ್ಬರಿಗೆ ನಿರ್ವಹಣೆಯ ಅನುಮತಿ ನೀಡುವ ವ್ಯವಸ್ಥೆ ಯೂಟ್ಯೂಬ್ ಸ್ಟುಡಿಯೊದಲ್ಲಿದೆ. ಅದನ್ನು ಆರಂಭದಲ್ಲಿಯೇ ಬಳಸಿಕೊಳ್ಳುವುದು ಒಳಿತು. ಮೂಲ ವಿಡಿಯೊ ಕಡತಗಳ ಒಂದು ಪ್ರತಿಯನ್ನು ಅರಿವು ಕೇಂದ್ರದ ಗಣಕಯಂತ್ರದಲ್ಲಿ ಇರಿಸಿದರೆ, ಮನೆಯಲ್ಲಿ ಫೋನ್ ಅಥವಾ ಡೇಟಾ ಇಲ್ಲದ ಮಕ್ಕಳು ಅಲ್ಲಿ ಕುಳಿತು ನೋಡಬಹುದು. ತಿದ್ದಿದ ಪಾಠ ಬಂದಾಗ ಆ ಪ್ರತಿಯನ್ನೂ ಬದಲಿಸಬೇಕೆಂಬುದನ್ನು ಗ್ರಂಥಪಾಲಕರಿಗೆ ತಿಳಿಸಿರಬೇಕು. ಮಕ್ಕಳ ಮುಖ, ಹೆಸರು ಅಥವಾ ಅಂಕಗಳು ಪಾಲಕರ ಒಪ್ಪಿಗೆಯಿಲ್ಲದೆ ವಿಡಿಯೊದಲ್ಲಿ ಬರಬಾರದು.

ವಿದ್ಯಾರ್ಥಿಯ ನೋಟ್‌ಬುಕ್ಕನ್ನು ವಿಡಿಯೊ ನೋಡಲಾರದು. ‘ನೀವೇ ಬಿಡಿಸಿ’ ಎಂದಾಗ ಅವನು ಬರೆದುದರಲ್ಲಿ ತಪ್ಪು ಎಲ್ಲಿದೆ ಎಂಬುದನ್ನು ಶಿಕ್ಷಕರೇ ನೋಡಿ ಹೇಳಬೇಕು. ಆದುದರಿಂದ ವಾರದಲ್ಲಿ ಒಂದು ನಿಗದಿತ ಸಮಯದಲ್ಲಿ ಮಕ್ಕಳು ಆ ಲೆಕ್ಕಗಳನ್ನು ಶಾಲೆಯಲ್ಲಿಯೋ ಅರಿವು ಕೇಂದ್ರದಲ್ಲಿಯೋ ಶಿಕ್ಷಕರಿಗೆ ತೋರಿಸುವ ಏರ್ಪಾಡು ಇದೆಯೇ ಎಂಬುದನ್ನು, ಕೊಠಡಿ ಅಥವಾ ಸಂಪರ್ಕ ಒದಗಿಸುವ ನಿರ್ಣಯಕ್ಕೆ ಮುನ್ನ ಸದಸ್ಯರು ಕೇಳಿ ತಿಳಿಯುವುದು ಅಗತ್ಯ.