ಒಂದೇ ಆಡಿಟ್ ವರದಿ, ಎರಡು ಸಾರಾಂಶ ಯಾಕೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಆಡಿಟ್ ವರದಿಯನ್ನು ಯಾರು ಓದಬೇಕು? ತುಮಕೂರಿನ ಜಿಲ್ಲಾ ಪಂಚಾಯಿತಿ ಸಿಇಒ ಓದಬೇಕು, ಹಳ್ಳಿಯ ಪಿಡಿಒ ಕೂಡ ಓದಬೇಕು.
ಆದರೆ ಇಬ್ಬರಿಗೂ ಒಂದೇ ಸಾರಾಂಶ ಸಾಲದು. ಮದುವೆ ಮನೆಯಲ್ಲಿ ಯಜಮಾನರಿಗೆ ಎಷ್ಟು ಎಲೆ ಅಂತ ಗೊತ್ತಾದರೆ ಸಾಕು. ಅಡುಗೆ ಭಟ್ಟರಿಗೆ ಎಷ್ಟು ಸೇರು ಬೇಳೆ ಅನ್ನೋದೂ ಬೇಕು.

ಒಂದು ಉದಾಹರಣೆ ನೋಡಿ. ಚರಂಡಿ ಕಾಮಗಾರಿಗೆ 2 ಲಕ್ಷ ಪಾವತಿಯಾಗಿದೆ, ಅಳತೆ ಪುಸ್ತಕ ಹಾಜರುಪಡಿಸಿಲ್ಲ ಅಂದುಕೊಳ್ಳಿ.
ಪಿಡಿಒಗೆ ಬರೆಯುವಾಗ ವೋಚರ್ ಸಂಖ್ಯೆ, ದಿನಾಂಕ, ಯಾವ ದಾಖಲೆ ಬೇಕು, ಉತ್ತರ ಯಾವಾಗ ಕೊಡಬೇಕು, ಎಲ್ಲವೂ ಇರಲಿ. ಇಲ್ಲದಿದ್ದರೆ ಅವರು ಏನು ಹುಡುಕಬೇಕು?
ಸಿಇಒಗೆ ಬರೆಯುವಾಗ ಇದೇ ತಪ್ಪು ಎಷ್ಟು ಪಂಚಾಯಿತಿಗಳಲ್ಲಿದೆ, ಒಟ್ಟು ಮೊತ್ತ ಎಷ್ಟು, ಅವರಿಂದ ಯಾವ ಆದೇಶ ಬೇಕು, ಇಷ್ಟೇ ಸಾಕು.

ಒಟ್ಟು ಮೊತ್ತ ಬರೆಯುವಾಗಲೇ ಎಡವೋದು. ದಾಖಲೆ ಇಲ್ಲದ್ದಕ್ಕೆ ಆಕ್ಷೇಪಿಸಿದ ಮೊತ್ತ ಬೇರೆ, ವಸೂಲಿ ಮಾಡಬೇಕಾದ ಮೊತ್ತ ಬೇರೆ. ಎರಡನ್ನೂ ಕೂಡಿಸಿಬಿಟ್ಟರೆ, ಕಾಗದ ಸಿಗದಿದ್ದದ್ದೂ ಕಳ್ಳತನದಂತೆ ಕಾಣುತ್ತೆ.

‘ಎರಡು ಸಾರಾಂಶ ಅಂದರೆ ಮುಚ್ಚಿಡೋದಲ್ವಾ?’ ಅಂತ ಕೇಳಬಹುದು. ಅಲ್ಲ. ಎರಡರಲ್ಲೂ ಅದೇ ಕಂಡಿಕೆ ಸಂಖ್ಯೆ ಇದ್ದು, ಪಿಡಿಒಗಳಿಗೆ ಬರೆದ ಮೊತ್ತಗಳನ್ನು ಕೂಡಿಸಿದರೆ ಸಿಇಒಗೆ ಬರೆದ ಒಟ್ಟು ಮೊತ್ತವೇ ಬಂದರೆ, ಯಾರು ಬೇಕಾದರೂ ಮೂಲ ವರದಿಯೊಂದಿಗೆ ತಾಳೆ ನೋಡಬಹುದು.

ವಿವರ ಬದಲಾಗಲಿ, ಅಂಕಿ ಬದಲಾಗಬಾರದು. ಕಳಿಸುವ ಮುಂಚೆ ಅದೊಂದನ್ನು ನೋಡಿಕೊಳ್ಳಿ.