ಕೊಳ್ಳಿ ಎನ್ನದೆ ಕರೆಯುವ ಬಗೆ

ನಮ್ಮ ಕಡೆ ಸಂತೆಯಲ್ಲಿ ಬಳೆಗಾರ ಯಾವತ್ತಾದರೂ "ಬಳೆ ಕೊಳ್ಳಿರಿ" ಎಂದು ಕೂಗಿದ್ದನ್ನು ನೀವು ಕೇಳಿದ್ದೀರಾ, ಸೋದರಿಯರೆ? "ಬರ್ರಿ ಅಕ್ಕಾರ, ಹಿಂಗ ನೋಡಿ ಹೋಗ್ರಿ. ತಗೊಳ್ಳೂದು ಬಿಡೂದು ಆಮ್ಯಾಲ" ಅಂತಾನೆ. ನಾವೂ ನೋಡಲು ನಿಲ್ಲುತ್ತೇವೆ. ಕೈಗೆ ಒಂದು ಜೊತೆ ಏರಿಸಿ ನೋಡಿದ ಮೇಲೆ ಬರಿಗೈಲೆ ಮನೆಗೆ ಬಂದವರು ಎಷ್ಟು ಮಂದಿ? ಅವನಿಗೆ ಈ ಗುಟ್ಟು ಗೊತ್ತು. ಮೊದಲು ನಿಲ್ಲಿಸಬೇಕು, ಆಮೇಲೆ ಮಾರಬೇಕು.

ಇದೇ ಗುಟ್ಟು ಇ-ಮೇಲಿಗೂ ಬೇಕು. ಈಗ ನಮ್ಮ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯ ಎಷ್ಟೋ ಮಹಿಳಾ ಸಂಘಗಳು ಪ್ರದರ್ಶನಕ್ಕೆ ಹೋಗಿ ಬಂದಾಗ ಗಿರಾಕಿಗಳ ವಿಳಾಸ ಬರೆದುಕೊಂಡು ಬರುತ್ತವೆ. ಆಮೇಲೆ ಮನೆಯ ಓದಿದ ಹುಡುಗಿ ಅವರಿಗೆಲ್ಲ ಮೇಲ್ ಕಳಿಸುತ್ತಾಳೆ. ಮೇಲಿನ ನೆತ್ತಿಯ ಮೇಲೆ ಒಂದು ಸಾಲು ಇರುತ್ತದಲ್ಲ, ಸಬ್ಜೆಕ್ಟ್ ಅನ್ನುತ್ತಾರೆ, ವಿಷಯದ ಸಾಲು. ಗಿರಾಕಿಗೆ ಮೊದಲು ಕಾಣುವುದು ಅದು, ಮತ್ತು ಕಳಿಸಿದವರ ಹೆಸರು. ಅಷ್ಟನ್ನೇ ನೋಡಿ ಆಕೆ ಮೇಲನ್ನು ತೆರೆಯುತ್ತಾಳೆ, ಇಲ್ಲವೆ ಒರೆಸಿ ಹಾಕುತ್ತಾಳೆ. ನೂರು ಮಂದಿಗೆ ಮುಟ್ಟಿದ್ದರಲ್ಲಿ ಎಷ್ಟು ಜನ ತೆರೆದರು ಎನ್ನುವುದೇ ಇದರ ಲೆಕ್ಕ.

ಅಥಣಿ ಕಡೆಯ ಒಂದು ಚಪ್ಪಲಿ ಸಂಘದ ಸಾಲನ್ನೇ ತೆಗೆದುಕೊಳ್ಳೋಣ. ಅಲ್ಲಿನ ಹೆಂಗಸರು ಪಟ್ಟಿ ಹೆಣೆಯುತ್ತಾರೆ, ಹೊಲಿಯುತ್ತಾರೆ. ನನ್ನ ನಾದಿನಿಯ ಮಗಳು ಅವರ ಮೇಲ್ ನೋಡಿಕೊಳ್ಳುತ್ತಾಳೆ. ಅವಳು ಮೊದಲು ಬರೆದ ಸಾಲು ಹೀಗಿತ್ತು:

"ನಮ್ಮ ಮಹಿಳಾ ಸಂಘದ ವತಿಯಿಂದ ಅಥಣಿಯ ಅಸಲಿ ಕೊಲ್ಹಾಪುರಿ ಚಪ್ಪಲಿಗಳ ಮಾರಾಟ, ಇಂದೇ ಕೊಳ್ಳಿರಿ!!!"

ಓದಲು ಏನೂ ತಪ್ಪಿಲ್ಲ, ಕರಪತ್ರದ ಭಾಷೆ. ಆದರೆ ಇದನ್ನು ಮೊಬೈಲಿನಲ್ಲಿ ನೋಡಿ. ಸಾಮಾನ್ಯವಾಗಿ ಮೂವತ್ತು ನಲವತ್ತು ಅಕ್ಷರದಷ್ಟು ಮಾತ್ರ ಕಾಣುತ್ತದೆ, ಮುಂದಿನದು ಚುಕ್ಕಿ ಚುಕ್ಕಿ. ಅಂದರೆ ಗಿರಾಕಿಗೆ ಕಂಡದ್ದು "ನಮ್ಮ ಮಹಿಳಾ ಸಂಘದ ವತಿಯಿಂದ ಅಥಣಿಯ..." ಇಷ್ಟೇ. ಇಂಗ್ಲಿಷಿನವರ ಸಾಲಿನಲ್ಲಿ ಕೊಳ್ಳು ಎಂಬ ಕ್ರಿಯಾಪದ ಎಲ್ಲಕ್ಕಿಂತ ಮೊದಲು ಬರುತ್ತದೆ. ನಮ್ಮ ಕನ್ನಡದಲ್ಲಿ ಅದು ಬಾಲದಲ್ಲಿರುತ್ತದೆ. ಹೀಗಾಗಿ "ಕೊಳ್ಳಿರಿ" ಅನ್ನುವುದು ಒತ್ತಾಯವಾಗುವ ಮೊದಲೇ ಕತ್ತರಿಸಿಹೋಗುತ್ತದೆ, ಅದರ ಮುಂದಿನ ಪೀಠಿಕೆ ಮಾತ್ರ ಉಳಿಯುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ ಹೇಳಿದ ಬದಲಿ ಪದಗಳನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದರೆ ಉಪಯೋಗವಿಲ್ಲ ಎನ್ನುವುದು ಇದಕ್ಕೇ. ನಾವು ಮೊದಲ ಮೂರು ಪದಗಳನ್ನು ಹಸನು ಮಾಡಬೇಕು, ಬಾಲದ ಕ್ರಿಯಾಪದವನ್ನು ಬದಲಿಸುವುದು ಎರಡನೆಯ ಕೆಲಸ.

ಬಾಲಕ್ಕೆ ಏನು ಹಾಕುವುದು? ಮಾರುವವರ ಕೆಲಸ ಹೇಳುವ ಪದ ಬಿಟ್ಟು, ಮಾಡಿದವರ ಕೆಲಸ ಹೇಳುವ ಪದ ಹಾಕಿ ನೋಡಿ. ಮಾರಾಟಕ್ಕಿವೆ ಅನ್ನುವ ಬದಲು ಹೊಲಿದಿವೆ, ಹೆಣೆದಿದ್ದೇವೆ, ಸಿದ್ಧವಾಗಿವೆ, ಬಂದಿವೆ. ಇವು ಸುದ್ದಿ ಹೇಳುತ್ತವೆ. ಸುದ್ದಿ ಯಾರಿಗೆ ಬೇಡ? ಮಾರಾಟಕ್ಕಿವೆ ಎಂದರೆ ಎದುರಿನವಳ ಕೈ ಚೀಲದ ಬಾಯಿ ಬಿಗಿಹಿಡಿಯುತ್ತದೆ. ನಾದಿನಿಯ ಮಗಳು ಎರಡನೆಯ ಬಾರಿ ಬರೆದದ್ದು ಇದು:

"ಅಥಣಿ ಚಪ್ಪಲಿ: 6, 7, 8ನೇ ಅಳತೆ ಹೊಲಿದು ಮುಗಿದಿವೆ"

ಮೊದಲ ಎರಡು ಪದದಲ್ಲೇ ಊರು, ವಸ್ತು ಎರಡೂ ಬಂದವು. ಅಳತೆಯ ಅಂಕಿ ನೋಡಿದಾಕೆ ತನ್ನ ಕಾಲನ್ನು ನೆನೆಯುತ್ತಾಳೆ. ಊರ ಹೆಸರು ಮುಂದೆ ಇಟ್ಟದ್ದಕ್ಕೂ ಕಾರಣ ಉಂಟು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಪಾಲು ಬಂತು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇಂಥವೇ ಚಪ್ಪಲಿ ತೋರಿಸಿ, ಎಲ್ಲಿಯವು ಎಂದು ಹೇಳದೆ ಟೀಕೆಗೆ ಗುರಿಯಾಯಿತು. ಆಗ ಪೇಪರಿನಲ್ಲಿ ಓದಿದವರಿಗೆ "ಅಥಣಿ" ಎಂಬ ಪದವೇ ಒಂದು ಕುತೂಹಲ.

ಕೊಳ್ಳಿ ಅನ್ನುವುದಕ್ಕೆ ಬದಲಾಗಿ ಗಿರಾಕಿಯ ಕಡೆಯಿಂದ ಮಾಡಬಹುದಾದ ಸಣ್ಣ ಕೆಲಸವನ್ನೇ ಹೇಳಬಹುದು. ನೋಡಿ, ಆರಿಸಿ, ಅಳತೆ ತಿಳಿಸಿ, ತೆಗೆದಿರಿಸಲೇ? ಇವು ಯಾವುವೂ ರೊಕ್ಕ ಕೇಳುವುದಿಲ್ಲ. "ನಿಮ್ಮ 7ನೇ ನಂಬರಿನ ಜೋಡಿ ತೆಗೆದಿರಿಸಲೇ?" ಎಂಬ ಸಾಲು ಹಳೆಯ ಗಿರಾಕಿಗೆ ಹೋದರೆ ಆಕೆ ಹೌದು ಅಥವಾ ಬೇಡ ಎಂದು ಉತ್ತರ ಬರೆಯಲು ಮನಸ್ಸು ಮಾಡುತ್ತಾಳೆ. ಆದರೆ ಆಕೆಯ ಅಳತೆ ನಿಮ್ಮ ವಹಿಯಲ್ಲಿ ನಿಜವಾಗಿ ಇರಬೇಕು. ಎಲ್ಲರಿಗೂ 7 ಎಂದು ಕಳಿಸಿದರೆ 5ನೇ ನಂಬರಿನವಳು ನಗುತ್ತಾಳೆ, ಮುಂದಿನ ಮೇಲನ್ನು ತೆರೆಯುವುದಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮೂರನೆಯ ಬಗೆ: ಮಾರುವ ಮಾತೇ ಎತ್ತದೆ, ಉಪಯೋಗದ ಒಂದು ವಿಷಯ ಹೇಳುವುದು. ಈ ಚಪ್ಪಲಿಯ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಅದಕ್ಕೆ ನೀರು ಆಗದು. ನೆನೆದರೆ ಬಿಸಿಲಿಗೂ ಒಲೆಗೂ ಹಿಡಿಯದೆ ನೆರಳಲ್ಲಿ ಆರಿಸಿ, ಆಮೇಲೆ ಎಣ್ಣೆ ಸವರಬೇಕು. ಹಾಗಾಗಿ ಮೇ ಕೊನೆಗೆ "ಮಳೆಗೆ ಮುಂಚೆ ಚಪ್ಪಲಿಗೆ ಎಣ್ಣೆ ಹಚ್ಚುವ ಬಗೆ" ಎಂದು ಸಾಲು ಬರೆದರೆ ಚಪ್ಪಲಿ ಇದ್ದವರೆಲ್ಲ ಓದುತ್ತಾರೆ. ಒಳಗೆ ಮೊದಲು ಎಣ್ಣೆ ಹಚ್ಚುವ ಬಗೆಯನ್ನೇ ಪೂರ್ತಿಯಾಗಿ ಬರೆಯಬೇಕು, ಕೊನೆಗೆ ಎರಡು ಸಾಲಿನಲ್ಲಿ ಹೊಸ ಜೋಡಿಗಳ ಚಿತ್ರ, ಬೆಲೆ. ಸಾಲಿನಲ್ಲಿ ಎಣ್ಣೆ ಎಂದು ಕರೆದು ಒಳಗೆ ಬರೀ ಬೆಲೆಪಟ್ಟಿ ಇಟ್ಟರೆ ಅದು ಊಟಕ್ಕೆ ಕರೆದು ಉಪವಾಸ ಕಳಿಸಿದಂತೆ.

ಸಾಲಿನ ಪಕ್ಕದಲ್ಲೋ ಕೆಳಗೋ ತಿಳಿ ಬಣ್ಣದಲ್ಲಿ ಮೇಲಿನ ಮೊದಲ ವಾಕ್ಯವೂ ಕಾಣುತ್ತದೆ, ಗಮನಿಸಿದ್ದೀರಾ? ಬಹಳ ಮಂದಿ ಅಲ್ಲಿ "ಮಾನ್ಯರೆ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಬರೆದು ಜಾಗ ಕಳೆಯುತ್ತಾರೆ. "ಚಿತ್ರ, ಬೆಲೆ ಒಳಗಿವೆ" ಎಂದು ಅಲ್ಲಿ ಬರೆದರೆ ಇದು ವ್ಯಾಪಾರದ ಮೇಲ್ ಎಂದು ಮರೆಮಾಚಿದ ಹಾಗೂ ಆಗಲಿಲ್ಲ, ಸಾಲಿನಲ್ಲಿ ಕೊಳ್ಳಿ ಎಂದು ಕೂಗಿದ ಹಾಗೂ ಆಗಲಿಲ್ಲ.

ಈಗ ಒಂದು ತಪ್ಪು ತಿಳಿವಳಿಕೆಯ ಮಾತು. ಕೊಳ್ಳಿ, ಮಾರಾಟ, ಉಚಿತ ಎಂಬ ಪದ ಇದ್ದರೆ ಮೇಲು ಸ್ಪ್ಯಾಮ್ ಎಂಬ ಕಸದ ಬುಟ್ಟಿಗೆ ಬೀಳುತ್ತದೆ ಎಂದು ಹೇಳುವವರಿದ್ದಾರೆ. ಹಿಂದೆ ಅದಕ್ಕೆ ಅರ್ಧ ಆಧಾರವಿತ್ತು. ಹಳೆಯ ಜರಡಿಗಳು ಪದಕ್ಕೆ ಇಷ್ಟು, ಕೂಗುಚಿಹ್ನೆಗೆ ಇಷ್ಟು ಎಂದು ಅಂಕ ಕೂಡಿಸಿ, ಗಡಿ ದಾಟಿದರೆ ಬುಟ್ಟಿಗೆ ಹಾಕುತ್ತಿದ್ದವು. ಈಗ ಮುಖ್ಯವಾಗಿ ನೋಡುವುದು ಕಳಿಸಿದವರ ಚರಿತ್ರೆಯನ್ನು: ಈ ವಿಳಾಸದಿಂದ ಬಂದದ್ದನ್ನು ಜನ ತೆರೆಯುತ್ತಾರೋ, ಉತ್ತರಿಸುತ್ತಾರೋ, ಬೇಡವೆಂದು ದೂರುತ್ತಾರೋ ಎಂದು. ಕೇಳದವರಿಗೆ ಕಳಿಸಿದ ಮೇಲು ಎಷ್ಟು ನಯವಾದ ಪದ ಹಾಕಿದರೂ ಬುಟ್ಟಿಗೇ ಹೋಗುತ್ತದೆ. ಜಿಮೇಲ್‌ನಲ್ಲಿ 2013ರಿಂದ ಜಾಹೀರಾತಿನ ಮೇಲುಗಳಿಗೆ ಪ್ರಮೋಷನ್ಸ್ ಎಂಬ ಬೇರೆ ಕಪಾಟು ಬೇರೆ ಇದೆ. ಒಂದು ಪದ ಬದಲಿಸಿದ ಮಾತ್ರಕ್ಕೆ ಆ ಕಪಾಟಿನಿಂದ ಹೊರಬರಲಾಗದು. ಗಿರಾಕಿ ನಿಮಗೆ ಒಮ್ಮೆ ಉತ್ತರ ಬರೆದರೆ, ನಿಮ್ಮ ವಿಳಾಸವನ್ನು ತನ್ನ ಪಟ್ಟಿಗೆ ಸೇರಿಸಿಕೊಂಡರೆ, ಅದು ಹೆಚ್ಚು ಕೆಲಸ ಮಾಡುತ್ತದೆ. "ತೆಗೆದಿರಿಸಲೇ?" ಎಂಬ ಪ್ರಶ್ನೆಯ ಸಾಲಿಗೆ ಈ ಇನ್ನೊಂದು ಲಾಭವೂ ಉಂಟು.

ಬದಲಿ ಪದ ಹುಡುಕುವ ಹುರುಪಿನಲ್ಲಿ ಕೆಲವರು ಮೋಸದ ದಾರಿ ಹಿಡಿಯುತ್ತಾರೆ. ಎಂದೂ ಪತ್ರ ಬರೆಯದವಳಿಗೆ ಸಾಲಿನ ಮೊದಲು Re: ಎಂದು ಹಾಕಿ ಉತ್ತರದಂತೆ ತೋರಿಸುವುದು, ಮೂಟೆಗಟ್ಟಲೆ ಸರಕಿದ್ದರೂ "ಎರಡೇ ಜೋಡಿ ಉಳಿದಿವೆ" ಎನ್ನುವುದು. ಸುಳ್ಳು ಅವಸರ ಹುಟ್ಟಿಸುವುದನ್ನು ನಮ್ಮ ದೇಶದಲ್ಲಿ 2023ರ ನವೆಂಬರಿನಲ್ಲಿ ಬಂದ ಗ್ರಾಹಕ ರಕ್ಷಣೆಯ ಮಾರ್ಗಸೂಚಿ ನಿಷೇಧಿಸಿದೆ. ತೆರೆಯುವವರ ಸಂಖ್ಯೆ ಆ ದಿನ ಏರೀತು, ಮುಂದಿನ ತಿಂಗಳು ದೂರುವವರ ಸಂಖ್ಯೆಯೂ ಏರೀತು.

ಯಾವ ಸಾಲು ಗೆದ್ದಿತು ಎಂದು ತಿಳಿಯುವುದು ಹೇಗೆ? ಪಟ್ಟಿಯನ್ನು ಎರಡು ಪಾಲು ಮಾಡಿ. ಹೆಸರಿನ ಚೀಟಿ ಎತ್ತಿದಂತೆ ಮಾಡಬೇಕು, ಪುಣೆಯವರೆಲ್ಲ ಒಂದು ಕಡೆ, ಬೆಂಗಳೂರಿನವರೆಲ್ಲ ಇನ್ನೊಂದು ಕಡೆ ಆಗಬಾರದು. ಒಂದು ಪಾಲಿಗೆ ಹಳೆಯ ಸಾಲು, ಇನ್ನೊಂದಕ್ಕೆ ಹೊಸದು, ಒಂದೇ ದಿನ, ಒಂದೇ ಹೊತ್ತಿಗೆ. ಒಳಗಿನ ಮೇಲ್ ಎರಡಕ್ಕೂ ಒಂದೇ ಇರಲಿ. 80 ಮತ್ತು 80 ಮಂದಿ ಎಂದು ಇಟ್ಟುಕೊಳ್ಳೋಣ. ಹಳೆಯದನ್ನು 12 ಮಂದಿ, ಹೊಸದನ್ನು 16 ಮಂದಿ ತೆರೆದರೆ ಹಿಗ್ಗಬೇಡಿ. ಇಷ್ಟು ಹೆಚ್ಚುಕಮ್ಮಿ ಎರಡೂ ಕಡೆ ಒಂದೇ ಸಾಲು ಕಳಿಸಿದರೂ ಆಗಬಹುದು. 12 ಮತ್ತು 28 ಬಂದರೆ ಆಗ ಸಾಲಿನಲ್ಲಿ ಏನೋ ಇದೆ ಎನ್ನಬಹುದು. ಆದರೂ ಇನ್ನೊಂದು ಸಲ ಮಾಡಿ ನೋಡುವುದು ಒಳ್ಳೆಯದು.

ಈ ತೆರೆದವರ ಲೆಕ್ಕದಲ್ಲೂ ಒಂದು ಕಲ್ಲು ಬೆರೆತಿದೆ. ಮೇಲಿನೊಳಗೆ ಕಣ್ಣಿಗೆ ಕಾಣದ ಚುಕ್ಕೆಯಷ್ಟು ಚಿತ್ರ ಇಟ್ಟಿರುತ್ತಾರೆ. ಅದು ಇಳಿದುಕೊಂಡರೆ ಮೇಲು ತೆರೆಯಿತು ಎಂದು ಎಣಿಕೆ. ಆದರೆ 2021ರ ಸೆಪ್ಟೆಂಬರಿನಿಂದ ಆಪಲ್ ಫೋನಿನ ಮೇಲ್ ತಾನೇ ಮುಂಚಿತವಾಗಿ ಚಿತ್ರಗಳನ್ನು ಇಳಿಸಿಕೊಳ್ಳುವ ಏರ್ಪಾಟು ಮಾಡಿದೆ. ಆ ಏರ್ಪಾಟು ಇಟ್ಟುಕೊಂಡವಳು ಓದದಿದ್ದರೂ ಓದಿದಳೆಂದು ಲೆಕ್ಕ ಬೀಳುತ್ತದೆ. ಚಿತ್ರ ಮುಚ್ಚಿಟ್ಟುಕೊಂಡು ಓದುವವಳು ಓದಿದರೂ ಲೆಕ್ಕಕ್ಕೆ ಸಿಗಳು. ಸಾಮಾನ್ಯ ಜಿಮೇಲ್‌ನಿಂದ ಕಳಿಸುವವರಿಗಂತೂ ಈ ಎಣಿಕೆ ಇರುವುದೇ ಇಲ್ಲ. (ಹಾಗೆ ಕಳಿಸುವಾಗ ವಿಳಾಸಗಳನ್ನು Bcc ಎಂಬ ಜಾಗದಲ್ಲೇ ಹಾಕಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣಬಾರದು.) ಅದಕ್ಕೇ ನಾದಿನಿಯ ಮಗಳು ಈಗ ವಹಿಯಲ್ಲಿ ಸಾಲನ್ನು ಬರೆದು, ಎದುರಿಗೆ ಎಷ್ಟು ಉತ್ತರ ಬಂತು, ಎಷ್ಟು ಜೋಡಿ ಹೋಯಿತು ಎಂದು ಮಾತ್ರ ಬರೆಯುತ್ತಾಳೆ.

ಹಾಗಾದರೆ ಕೊಳ್ಳಿ ಎಂಬ ಪದವನ್ನು ಬಿಟ್ಟೇ ಬಿಡಬೇಕೆ? ಬೇಡ. ಮೇಲಿನ ಒಳಗೆ, ಚಿತ್ರ ಬೆಲೆ ನೋಡಿಯಾದ ಮೇಲೆ ಒತ್ತುವ ಗುಂಡಿಯ ಮೇಲೆ "ಕೊಳ್ಳಿ" ಎಂದೇ ಇರಲಿ. ಅಲ್ಲಿ "ಮುಂದುವರಿಯಿರಿ" ಎಂದು ನಯ ಮಾಡಿದರೆ ಒತ್ತಿದರೆ ಏನಾದೀತೋ ಎಂದು ಗಿರಾಕಿ ಅಂಜುತ್ತಾಳೆ. ತಾನಾಗಿ ಕೇಳಿದವರ ಮಾತೂ ಬೇರೆ. ಮಗಳ ಮದುವೆಗೆ ಹತ್ತು ಜೋಡಿ ಬೇಕು, ಆದ ಕೂಡಲೆ ತಿಳಿಸಿ ಎಂದು ಹೇಳಿ ಹೋದವರಿಗೆ ಎಣ್ಣೆ ಹಚ್ಚುವ ಬಗೆ ಕಳಿಸಿ ಸತಾಯಿಸಬಾರದು. ಅವರಿಗೆ "ಮದುವೆಯ 10 ಜೋಡಿ ಆಗಿವೆ, ಈಗ ಕೊಳ್ಳಬಹುದು" ಎಂದು ನೇರವಾಗಿ ಬರೆದರೆ ಅದೇ ದಿನ ತೆರೆಯುತ್ತಾರೆ.